ಕಡಿಮೆ ರೇಟು, ಜಾಸ್ತಿ ಬಿಲ್ಲು: ಟಿ.ಎಂ.ಎಸ್. ಆರಿಸುವ ಮುಂಚೆ ಕೇಳಬೇಕಾದ ಪ್ರಶ್ನೆ

ಪುಣೆ ಹತ್ತಿರ ಚಾಕಣದಲ್ಲಿ ನಮ್ಮ ಕಾರ್ಖಾನೆ. ಗಾಡಿಗಳ ಏರ್ ಫಿಲ್ಟರ್ ಮಾಡುತ್ತೇವೆ. ಡಬ್ಬ ನೋಡಿದರೆ ದೊಡ್ಡದು, ಎತ್ತಿದರೆ ಹಗುರ. ಇಂಥ ಮಾಲು ಕಳಿಸೋರಿಗೆ ಲಾರಿ ಬಾಡಿಗೆ ಅನ್ನೋದು ಒಂದು ದೊಡ್ಡ ತಲೆನೋವು. ಯಾಕೆ ಅಂತ ಮುಂದೆ ಹೇಳ್ತೀನಿ.

ಹೋದ ವರ್ಷ ಮೂರು ಕಂಪನಿಯವರು ಬಂದು ತಮ್ಮ ಟಿ.ಎಂ.ಎಸ್. ತೋರಿಸಿ ಹೋದರು. ಟಿ.ಎಂ.ಎಸ್. ಅಂದರೆ ಸಾಗಣೆಯ ಕೆಲಸ ನೋಡಿಕೊಳ್ಳುವ ಸಾಫ್ಟ್‌ವೇರ್. ಯಾವ ಮಾಲನ್ನು ಯಾವ ಟ್ರಾನ್ಸ್‌ಪೋರ್ಟರ್‌ಗೆ ಕೊಡಬೇಕು, ಯಾರ ರೇಟು ಕಡಿಮೆ, ಕೊನೆಗೆ ಬಂದ ಬಿಲ್ಲು ಸರಿ ಇದೆಯಾ, ಈ ಮೂರನ್ನೂ ಅದು ನೋಡಬೇಕು. ಬಂದ ಮೂವರೂ ಮೊದಲ ಎರಡನ್ನು ಮುಕ್ಕಾಲು ಗಂಟೆ ತೋರಿಸಿದರು. ಬಣ್ಣಬಣ್ಣದ ಸ್ಕ್ರೀನು, ಮ್ಯಾಪಿನ ಮೇಲೆ ಓಡುವ ಲಾರಿ. ಬಿಲ್ ಆಡಿಟ್‌ಗೆ ಉಳಿದದ್ದು ಐದು ನಿಮಿಷ. "ಇದೆಲ್ಲ ಆಟೊಮ್ಯಾಟಿಕ್ ಸರ್" ಅಂತ ಲ್ಯಾಪ್‌ಟಾಪ್ ಮುಚ್ಚಿದರು.

ಈಗ ಒಂದು ವರ್ಷ ಬಳಸಿದ ಮೇಲೆ ಹೇಳೋದಾದರೆ, ಆ ಐದು ನಿಮಿಷವನ್ನೇ ನಾನು ಒಂದು ಗಂಟೆಗೆ ಎಳೆಯಬೇಕಿತ್ತು. ಭೋಸರಿ, ರಾಂಜಣಗಾಂವ್, ಭಿವಂಡಿ, ಗೋವಾದ ವೆರ್ಣಾ ಕಡೆ ಡಿಸ್ಪ್ಯಾಚ್ ನೋಡುವ ನಮ್ಮ ಕನ್ನಡದ ಹುಡುಗರು ಆಗಾಗ ಫೋನ್ ಮಾಡಿ "ಯಾವುದು ತಗೊಳ್ಳೋಣ" ಅಂತ ಕೇಳ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬಿಡಿಸಿ ಬರೀತಿದ್ದೀನಿ.

ರೇಟು ಹೋಲಿಸುವುದು: ಕೆ.ಜಿ. ರೇಟು ನೋಡಿ ಮೋಸ ಹೋಗಬೇಡಿ

ಒಂದು ಲೋಡ್ ತಗೊಳ್ಳೋಣ. ಚಾಕಣದಿಂದ ಹುಬ್ಬಳ್ಳಿಗೆ 24 ಡಬ್ಬ ಫಿಲ್ಟರ್. ಪೂರ್ತಿ ಲಾರಿ ಬೇಡ, ಬೇರೆಯವರ ಮಾಲಿನ ಜೊತೆ ಹೋಗುವ ಪಾರ್ಟ್ ಲೋಡ್. ಒಂದು ಡಬ್ಬ 60 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ತೂಕ 18 ಕೆ.ಜಿ. ಅಂದರೆ ಕಾಟಾ ಮೇಲೆ ಒಟ್ಟು 432 ಕೆ.ಜಿ. ಮಾಲಿನ ಇನ್‌ವಾಯ್ಸ್ ಬೆಲೆ ₹3,60,000 ಅಂತ ಇಟ್ಟುಕೊಳ್ಳಿ.

ಪಾರ್ಟ್ ಲೋಡಿನವರು 432ಕ್ಕೆ ಬಿಲ್ ಮಾಡಲ್ಲ. ಲಾರಿಯಲ್ಲಿ ಡಬ್ಬ ಎಷ್ಟು ಜಾಗ ತಿನ್ನುತ್ತೋ ಅದನ್ನು ಕೆ.ಜಿ.ಗೆ ತಿರುಗಿಸುತ್ತಾರೆ. ಘನ ಅಡಿಗೆ ಇಷ್ಟು ಕೆ.ಜಿ. ಅಂತ ಒಂದು ಲೆಕ್ಕ. ಇದನ್ನೇ ನಮ್ಮವರು ಸಿ.ಎಫ್.ಟಿ. ಅನ್ನುತ್ತಾರೆ. ಕರಾರಿನಲ್ಲಿ ಅದು 6 ಇರಬಹುದು, 8 ಇರಬಹುದು, 10 ಕೂಡ ಇರಬಹುದು. ಜಾಗದ ತೂಕ, ಕಾಟಾ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು. ಕಬ್ಬಿಣ ಕಳಿಸೋರಿಗೆ ಇದು ತಲೆಗೇ ಹೋಗಲ್ಲ. ಫಿಲ್ಟರ್, ಹೆಲ್ಮೆಟ್, ಪ್ಲಾಸ್ಟಿಕ್ ಸಾಮಾನು, ಥರ್ಮಾಕೋಲ್ ಕಳಿಸೋರ ಲಾಭವೇ ಇದರಲ್ಲಿ ಕೂತಿರುತ್ತೆ.

ಸೆಂ.ಮೀ.ನಲ್ಲಿ ಅಳೆದರೆ ಘನ ಅಡಿಗೆ ತರಲು ಇಲ್ಲಿ ತುಂಬ ಕಡೆ 27000ದಿಂದ ಭಾಗಿಸುತ್ತಾರೆ. ಅಡಿಯನ್ನು 30 ಸೆಂ.ಮೀ. ಅಂತ ಹಿಡಿದ ಲೆಕ್ಕ ಅದು. ನಿಜವಾದ ಘನ ಅಡಿ ಸುಮಾರು 28317. ಅಂದರೆ ಭಾಗಿಸುವ ಸಂಖ್ಯೆಯಲ್ಲೇ ಸುಮಾರು ಶೇಕಡಾ 5ರಷ್ಟು ತೂಕ ಏರಿ ಕೂತಿರುತ್ತೆ. ತಪ್ಪು ಅಂತಲ್ಲ, ರೂಢಿ. ಆದರೆ ಯಾವ ಸಂಖ್ಯೆ ಅಂತ ಕರಾರಿನಲ್ಲಿ ಬರೆದಿರಬೇಕು.

ನಮ್ಮ 24 ಡಬ್ಬ 27000ದ ಲೆಕ್ಕದಲ್ಲಿ ಸರಿಯಾಗಿ 108 ಘನ ಅಡಿ. ಈಗ ಮೂವರು ಟ್ರಾನ್ಸ್‌ಪೋರ್ಟರ್‌ಗಳನ್ನು ನೋಡಿ. ರೇಟುಗಳು ಲೆಕ್ಕ ತೋರಿಸೋಕೆ ನಾನು ಹಾಕಿದ್ದು. ಡಾಕೆಟ್ ಚಾರ್ಜ್ ಅಂದರೆ ಪ್ರತಿ ಬುಕಿಂಗಿಗೆ ಹಾಕುವ ದುಡ್ಡು.

| | ಮೊದಲನೆಯವರು | ಎರಡನೆಯವರು | ಮೂರನೆಯವರು |
|---|---|---|---|
| ಕೆ.ಜಿ.ಗೆ ರೇಟು | ₹7.20 | ₹8.00 | ₹9.50 |
| ಸಿ.ಎಫ್.ಟಿ. | 10 | 8 | 6 |
| ಬಿಲ್ ಆಗುವ ತೂಕ | 1080 ಕೆ.ಜಿ. | 864 ಕೆ.ಜಿ. | 648 ಕೆ.ಜಿ. |
| ಮೂಲ ಬಾಡಿಗೆ | ₹7,776 | ₹6,912 | ₹6,156 |
| ಡೀಸೆಲ್ ಸರ್‌ಚಾರ್ಜ್ | 12% | 10% | 18% |
| ಡಾಕೆಟ್ ಚಾರ್ಜ್ | ₹100 | ₹100 | ₹150 |
| ರಿಸ್ಕ್ ಚಾರ್ಜ್, ಇನ್‌ವಾಯ್ಸ್ ಮೇಲೆ | 0.1% | 0.05% | 0.1% |
| ಒಟ್ಟು, ಸುಮಾರು | ₹9,169 | ₹7,883 | ₹7,774 |

ಕೆ.ಜಿ.ಗೆ ಅತಿ ದುಬಾರಿ ಇದ್ದವರೇ ಅಗ್ಗ ಆದರು. ₹7.20 ಅಂತ ಹೇಳಿ ಪರ್ಚೇಸ್‌ನವರನ್ನು ಖುಷಿ ಪಡಿಸಿದವರು ₹1,400 ಜಾಸ್ತಿ.

ಇಲ್ಲಿಗೇ ನಿಲ್ಲಿಸಬೇಡಿ. ಇದೇ 432 ಕೆ.ಜಿ. ಸಣ್ಣ ಡಬ್ಬಗಳಲ್ಲಿ ತುಂಬಿದ ಬ್ರೇಕ್ ಡ್ರಮ್ ಆಗಿದ್ದರೆ? ಆಗ ಜಾಗದ ತೂಕ ಲೆಕ್ಕಕ್ಕೆ ಬರಲ್ಲ, ಮೂವರೂ 432ಕ್ಕೇ ಬಿಲ್ ಮಾಡುತ್ತಾರೆ. ಇನ್‌ವಾಯ್ಸ್ ಬೆಲೆ ಅಷ್ಟೇ ಇದ್ದರೆ ಮೊದಲನೆಯವರು ₹3,944, ಎರಡನೆಯವರು ₹4,082, ಮೂರನೆಯವರು ₹5,353. ಪಟ್ಟಿ ಪೂರ್ತಿ ತಲೆಕೆಳಗು. ಊರು ಅದೇ, ಕಾಟಾ ತೂಕ ಅದೇ, ಟ್ರಾನ್ಸ್‌ಪೋರ್ಟರ್ ಅವರೇ.

ಹಾಗಾಗಿ ರೇಟು ಹೋಲಿಸುವ ಸ್ಕ್ರೀನ್ ನೋಡುವಾಗ ಒಂದೇ ವಿಷಯ ಪರೀಕ್ಷೆ ಮಾಡಿ. ಅದು ಕೆ.ಜಿ. ರೇಟುಗಳನ್ನು ಸಾಲಾಗಿ ಇಟ್ಟು ತೋರಿಸುತ್ತಾ, ಅಥವಾ ನಿಮ್ಮ ಈ ಲೋಡಿಗೆ ಕೊನೆಗೆ ಬರುವ ಒಟ್ಟು ಮೊತ್ತ ತೋರಿಸುತ್ತಾ? ಮೊದಲನೆಯದು ಆದರೆ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಗೋಡೆ ಮೇಲೆ ಒಂದು ಕಾಗದ ಅಂಟಿಸಿದರೂ ಅಷ್ಟೇ. ಊರಿನ ಹೊರಗಿನ ಡೆಲಿವರಿ ಚಾರ್ಜ್ ಕೂಡ ಒಟ್ಟಿನಲ್ಲಿ ಸೇರಬೇಕು. ಅದನ್ನು ಓ.ಡಿ.ಎ. ಅನ್ನುತ್ತಾರೆ. ಮೇಲಿನ ಮಾಲು ಹುಬ್ಬಳ್ಳಿಯ ಬದಲು ನವಲಗುಂದಕ್ಕೆ ಹೋಗಬೇಕಿತ್ತು, ಮೂರನೆಯವರು ಅದಕ್ಕೆ ₹1,200 ಹಾಕುತ್ತಾರೆ, ಎರಡನೆಯವರು ಹಾಕಲ್ಲ ಅಂದುಕೊಳ್ಳಿ. ₹109 ಅಂತರದಲ್ಲಿ ಗೆದ್ದವರು ಅಲ್ಲೇ ಸೋತರು. ಪಿನ್‌ಕೋಡ್ ಹಾಕಿದ ಕೂಡಲೇ ಇದು ಸ್ಕ್ರೀನಿನಲ್ಲಿ ಬದಲಾಗಬೇಕು.

ಟ್ರಾನ್ಸ್‌ಪೋರ್ಟರ್ ಆರಿಸುವುದು: ಗಾಡಿ ಬಂತಾ?

ಪೂರ್ತಿ ಲಾರಿಯ ಕಥೆ ಬೇರೆ. ಅಲ್ಲಿ ಸಿ.ಎಫ್.ಟಿ. ರಗಳೆ ಇಲ್ಲ, ಟ್ರಿಪ್‌ಗೆ ಇಷ್ಟು ಅಂತ. ತೊಂದರೆ ಏನಪ್ಪ ಅಂದರೆ ಎಲ್ಲರಿಗಿಂತ ಕಡಿಮೆ ರೇಟು ಹಾಕಿ ಎಲ್-1 ಆದವರ ಗಾಡಿ ಸಂಜೆ ಆರಾದರೂ ಗೇಟಿಗೆ ಬರಲ್ಲ. ಆಮೇಲೆ ನಿಗಡಿ ಟ್ರಾನ್ಸ್‌ಪೋರ್ಟ್ ನಗರಕ್ಕೆ ಫೋನ್ ಮಾಡಿ, ಸಿಕ್ಕ ರೇಟಿಗೆ ಸಿಕ್ಕ ಗಾಡಿ ತರಿಸೋದು.

ಚಾಕಣದಿಂದ ವೆರ್ಣಾಕ್ಕೆ ತಿಂಗಳಿಗೆ 20 ಗಾಡಿ ಅಂತ ಲೆಕ್ಕ ಹಿಡಿಯಿರಿ. ಎಲ್-1 ರೇಟು ₹28,000. ಆದರೆ ಅವರು 20ಕ್ಕೆ 14 ಸಲ ಗಾಡಿ ಕೊಡುತ್ತಾರೆ. ಉಳಿದ 6ಕ್ಕೆ ನೀವು ಆ ಹೊತ್ತಿನ ರೇಟು ₹36,000 ಕೊಡ್ತೀರಿ. ಸರಾಸರಿ ಟ್ರಿಪ್‌ಗೆ ₹30,400. ಎಲ್-2 ರೇಟು ₹29,500, ಅವರು 19 ಸಲ ಕೊಡುತ್ತಾರೆ. ಅವರ ಸರಾಸರಿ ₹29,825. ಜಾಸ್ತಿ ಕೇಳಿದವರೇ ಅಗ್ಗ, ಮತ್ತೆ ನೀವು ರಾತ್ರಿ ಹನ್ನೊಂದರ ತನಕ ಡಾಕ್‌ನಲ್ಲಿ ನಿಲ್ಲುವುದೂ ತಪ್ಪಿತು.

ಟಿ.ಎಂ.ಎಸ್. ಈ ಲೆಕ್ಕ ಮಾಡಬೇಕಾದರೆ ಅದಕ್ಕೆ "ಕೇಳಿದೆವು, ಬರಲಿಲ್ಲ" ಅನ್ನೋದು ಗೊತ್ತಿರಬೇಕು. ಇಲ್ಲೇ ಎಡವಟ್ಟು ಆಗೋದು. ಗಾಡಿ ಬರದಿದ್ದರೆ ನಮ್ಮ ಹುಡುಗರು ಆ ಆರ್ಡರನ್ನು ಸುಮ್ನೆ ಡಿಲೀಟ್ ಮಾಡಿ ಇನ್ನೊಬ್ಬರ ಹೆಸರಿಗೆ ಹೊಸದು ಹಾಕುತ್ತಾರೆ. ತಿಂಗಳ ಕೊನೆಗೆ ರಿಪೋರ್ಟ್ ತೆಗೆದರೆ ಎಲ್-1 ಅವರು ನೂರಕ್ಕೆ ನೂರು. ಒಪ್ಪಿಕೊಂಡ ಆರ್ಡರನ್ನು ಕಾರಣ ಬರೆಯದೆ ಅಳಿಸಲು ಬಿಡುವ ಸಿಸ್ಟಮ್ ಈ ಕೆಲಸಕ್ಕೆ ಬರಲ್ಲ. ಡೆಮೊದಲ್ಲಿ ಅದನ್ನೇ ಮಾಡಿ ತೋರಿಸಿ ಅನ್ನಿ.

ಪಾಲು ಹಂಚುವ ಸೌಲಭ್ಯವೂ ಬೇಕು, 60 ಅವರಿಗೆ, 40 ಇವರಿಗೆ ಅಂತ. ಅದು ಈಗ ಎಲ್ಲರಲ್ಲೂ ಇದೆ, ಅದರ ಮೇಲೆ ಸಮಯ ಕಳೆಯಬೇಡಿ.

ಬಿಲ್ ಆಡಿಟ್: ತೂಕ ಎಲ್ಲಿಂದ ಬಂತು?

ಈಗ ನಮ್ಮ ಸ್ವಂತ ಕಥೆ. ಟ್ರಾನ್ಸ್‌ಪೋರ್ಟರ್ ಹೆಸರು ಬೇಡ.

ನಾವು ಮೊದಲು ನಮ್ಮ ಇ.ಆರ್.ಪಿ.ಯಲ್ಲೇ, ಅಂದರೆ ಕಂಪನಿಯ ಇನ್‌ವಾಯ್ಸ್, ಪೇಮೆಂಟ್ ನೋಡುವ ಸಾಫ್ಟ್‌ವೇರ್‌ನಲ್ಲೇ ಬಾಡಿಗೆ ಬಿಲ್ ಚೆಕ್ ಮಾಡುತ್ತಿದ್ದೆವು. ಬಿಲ್ಲು ಬರುತ್ತೆ, ಜೊತೆಗೆ ಎಲ್.ಆರ್.ಗಳ ಪಟ್ಟಿ. ಎಲ್.ಆರ್. ಅಂದರೆ ಲಾರಿ ರಸೀದಿ, ಹಳಬರ ಬಾಯಲ್ಲಿ ಬಿಲ್ಟಿ. ಅಕೌಂಟ್ಸ್‌ನವರು ಎಲ್.ಆರ್. ಮೇಲಿನ ಚಾರ್ಜ್ ತೂಕ ಟೈಪ್ ಮಾಡುತ್ತಾರೆ, ಸಿಸ್ಟಮ್ ಕರಾರಿನ ರೇಟಿನಿಂದ ಗುಣಿಸುತ್ತೆ, ಬಿಲ್ಲಿನ ಮೊತ್ತಕ್ಕೆ ಹೊಂದಿದರೆ ಹಸಿರು ಟಿಕ್. ತಿಂಗಳುಗಟ್ಟಲೆ ಎಲ್ಲ ಹಸಿರು. ಮೇಲಿನವರು ಖುಷಿ, ನಾನೂ ಖುಷಿ.

ನಮ್ಮ ಡಾಕ್‌ನಲ್ಲಿ ಇಂಡಿ ಕಡೆಯ ಒಬ್ಬ ಸೂಪರ್‌ವೈಸರ್ ಇದ್ದಾನೆ. ಒಂದು ದಿನ ಹಳೇ ಎಲ್.ಆರ್. ಕಾಪಿಗಳನ್ನು ಫೈಲ್ ಮಾಡುತ್ತಾ ಇದ್ದವನು ಎರಡು ಕಾಗದ ಹಿಡಿದುಕೊಂಡು ಬಂದ.

"ಸರ, ಇವೆರಡೂ ಇಪ್ಪತ್ನಾಕ ಡಬ್ಬಾನs ಅದಾವ್ರಿ. ಒಂದರಾಗ ಎಂಟುನೂರಾ ಅರವತ್ನಾಕ ಬರದಾರ, ಇನ್ನೊಂದರಾಗ ಒಂದು ಸಾವಿರದ ಎಂಬತ್ತ. ಡಬ್ಬಾ ದೊಡ್ಡವು ಆದ್ವೇನ್ರಿ?"

"ರೇಟು ಸರಿ ಇದೆಯಲ್ಲೋ" ಅಂದೆ ನಾನು.

"ರೇಟ್ ಬರೋಬರಿ ಐತ್ರಿ ಸರ. ವಜನ್ ಎಲ್ಲಿಂದ ಬಂತ ನೋಡ್ರಿ."

ಅಷ್ಟೇ ವಿಷಯ. ನಮ್ಮ ಕರಾರು ಸಿ.ಎಫ್.ಟಿ. 8ಕ್ಕೆ. ಅವರ ಒಂದು ಬುಕಿಂಗ್ ಆಫೀಸಿನಲ್ಲಿ ನಮ್ಮ ಹೆಸರಿಗೆ 10 ಹಾಕಿದ್ದರು. ಮೇಲಿನ ಉದಾಹರಣೆಯ ಲೆಕ್ಕವೇ ನೋಡಿ. 1080 ಕೆ.ಜಿ.ಯನ್ನು ₹8ರಿಂದ ಗುಣಿಸಿದರೆ ₹8,640. ಮೇಲೆ 10% ಡೀಸೆಲ್, ಡಾಕೆಟ್, ರಿಸ್ಕ್. ಒಟ್ಟು ₹9,784. ಬರಬೇಕಾದದ್ದು ₹7,883. ಒಂದೇ ಎಲ್.ಆರ್.ನಲ್ಲಿ ₹1,901. ಆದರೂ ಹಸಿರು ಟಿಕ್. ಯಾಕಂದರೆ ನಮ್ಮ ಸಿಸ್ಟಮ್ ಅವರ ತೂಕವನ್ನೇ ತಗೊಂಡು ಅವರ ಗುಣಾಕಾರ ಸರಿ ಇದೆಯಾ ಅಂತ ನೋಡುತ್ತಿತ್ತು. ಅವರ ಕಂಪ್ಯೂಟರಿಗೂ ಗುಣಾಕಾರ ಬರುತ್ತೆ, ಅಲ್ವಾ?

ಆದ್ದರಿಂದ ಯಾವ ಆಯ್ಕೆ ನೋಡಿದರೂ ನನ್ನ ಮೊದಲ ಪ್ರಶ್ನೆ ಇದು: ಬಿಲ್ ಆಗಬೇಕಾದ ತೂಕವನ್ನು ಸಿಸ್ಟಮ್ ಎಲ್ಲಿಂದ ತಗೊಳ್ಳುತ್ತೆ? ಅದು ನಿಮ್ಮ ಇನ್‌ವಾಯ್ಸಿನ ಡಬ್ಬ ಸಂಖ್ಯೆ, ನಿಮ್ಮ ಐಟಂ ಮಾಸ್ಟರಿನ, ಅಂದರೆ ಸಿಸ್ಟಮ್‌ನಲ್ಲಿ ಇಟ್ಟ ಮಾಲಿನ ಪಟ್ಟಿಯ ಡಬ್ಬ ಅಳತೆ, ಕರಾರಿನ ಸಿ.ಎಫ್.ಟಿ. ಇವುಗಳಿಂದ ಲಾರಿ ಗೇಟು ದಾಟುವ ಮೊದಲೇ ಲೆಕ್ಕ ಹಾಕಿ ಇಟ್ಟಿರಬೇಕು. ಬಿಲ್ಲು ಬಂದಾಗ ಅದರ ಜೊತೆ ಹೋಲಿಸಬೇಕು. ಬಿಲ್ಲಿನಿಂದಲೇ ತಗೊಂಡರೆ ಅದು ಆಡಿಟ್ ಅಲ್ಲ, ಕೂಡೋ ಲೆಕ್ಕ.

ಇದನ್ನು ಎಕ್ಸೆಲ್‌ನಲ್ಲೂ ಮಾಡಬಹುದು. B2ರಲ್ಲಿ ಕಾಟಾ ತೂಕ, C2, D2, E2ರಲ್ಲಿ ಡಬ್ಬದ ಅಳತೆ, F2ರಲ್ಲಿ ಡಬ್ಬ ಎಷ್ಟು, G2ರಲ್ಲಿ ಸಿ.ಎಫ್.ಟಿ.

```
=MAX(B2, C2*D2*E2*F2/27000*G2)
```

ತಪ್ಪು ಎಲ್ಲಿದೆ ಅಂತ ಕಂಡುಹಿಡಿಯುವುದಕ್ಕೆ ಒಂದು ಸುಲಭ ದಾರಿ ಇದೆ. ಬಿಲ್ಲಿನ ತೂಕವನ್ನು ನಿಮ್ಮ ತೂಕದಿಂದ ಭಾಗಿಸಿ. ಎಲ್ಲ ಎಲ್.ಆರ್.ಗಳಲ್ಲೂ 1.25 ಬರುತ್ತಿದ್ದರೆ ಅದು 8ರ ಬದಲು 10. ಎಲ್ಲದರಲ್ಲೂ 1.05 ಹತ್ತಿರ ಬಂದರೆ ಭಾಗಿಸುವ ಸಂಖ್ಯೆಯ ಜಗಳ, ನೀವು 28317 ಹಿಡಿದಿದ್ದೀರಿ, ಅವರು 27000. ಒಂದೊಂದರಲ್ಲಿ ಒಂದೊಂದು ಬಂದರೆ ಅಳತೆಯದ್ದೇ ಸಮಸ್ಯೆ. ಆಗ ಜಗಳಕ್ಕೆ ಹೋಗುವ ಮುಂಚೆ ಟೇಪು ಹಿಡಿದು ನಿಮ್ಮ ಡಾಕ್‌ಗೆ ಹೋಗಿ.

ಯಾಕೆ ಅಂದರೆ ತಪ್ಪು ನಮ್ಮದೂ ಇರುತ್ತೆ. ನಮ್ಮ ಡಬ್ಬ ಮಾಸ್ಟರಿನಲ್ಲಿ 60×45×45. ತುಂಬಿ, ಟೇಪು ಹಾಕಿ, ಒಂದರ ಮೇಲೊಂದು ಇಟ್ಟ ಮೇಲೆ ಅದು ಉಬ್ಬುತ್ತೆ. ಅಳೆದು ನೋಡಿದೆ: 62×46.5×46.5. ಎರಡು ಸೆಂ.ಮೀ. ಏನು ಮಹಾ ಅನ್ನಿಸುತ್ತೆ. ಆದರೆ ಮೂರೂ ಕಡೆ ಉಬ್ಬಿದರೆ ಗಾತ್ರ ಶೇಕಡಾ 10 ಜಾಸ್ತಿ. ಟ್ರಾನ್ಸ್‌ಪೋರ್ಟರ್ ಹಬ್‌ನಲ್ಲಿ ಅಳೆಯುವ ಮೆಷಿನ್ ಇದ್ದರೆ ಅದು ಉಬ್ಬಿದ ಡಬ್ಬವನ್ನೇ ಅಳೆಯುತ್ತೆ, ನಿಮ್ಮ ಡ್ರಾಯಿಂಗ್ ನೋಡಲ್ಲ. ಅವರು ಫೋಟೋ ಸಮೇತ ಕಳಿಸಿದರೆ ನಮ್ಮ ಬಾಯಿ ಬಂದ್. ಪ್ಯಾಕಿಂಗ್‌ನವರು ಡಬ್ಬ ಬದಲಾಯಿಸಿ ಡಿಸ್ಪ್ಯಾಚ್‌ಗೆ ಹೇಳದೇ ಇರುವುದಂತೂ ಎಲ್ಲ ಕಾರ್ಖಾನೆಯಲ್ಲೂ ನಡೆಯುತ್ತೆ.

ಇದಕ್ಕೇ ಸಿಸ್ಟಮ್‌ನಲ್ಲಿ ಸಹನೆಯ ಮಿತಿ ಇರುತ್ತೆ, ಶೇಕಡಾ 3 ತನಕ ಬಿಡು ಅಂತ. ಆದರೆ ಆ ಮಿತಿ ಒಟ್ಟು ಬಿಲ್ಲಿಗಾ, ಪ್ರತಿ ಎಲ್.ಆರ್.ಗಾ ಅಂತ ಕೇಳಿ. ಒಟ್ಟು ಬಿಲ್ಲಿಗೆ ಹಾಕಿದರೆ ನೂರು ಎಲ್.ಆರ್.ಗಳ ಬಿಲ್ಲಿನೊಳಗೆ ಒಂದು ದೊಡ್ಡ ತಪ್ಪು ಆರಾಮಾಗಿ ಮಲಗಿರುತ್ತೆ.

ಆಡಿಟ್‌ನಲ್ಲಿ ಇನ್ನೂ ಮೂರು

ಒಂದೇ ಎಲ್.ಆರ್. ಎರಡು ಸಲ ಬಿಲ್ ಆಗುವುದು. ನೇರವಾಗಿ ಎರಡು ಸಲ ಬಂದರೆ ಯಾವ ಸಿಸ್ಟಮ್ ಆದರೂ ಹಿಡಿಯುತ್ತೆ. ಮೊದಲು `45671`, ಎರಡು ತಿಂಗಳು ಬಿಟ್ಟು ಸಪ್ಲಿಮೆಂಟರಿ ಬಿಲ್ಲಿನಲ್ಲಿ `45671A` ಅಂತ ಬಂದರೆ ತಪ್ಪಿಸಿಕೊಳ್ಳುತ್ತೆ. ಎಲ್.ಆರ್. ನಂಬರ್ ಒಂದನ್ನೇ ಅಲ್ಲದೆ ನಿಮ್ಮ ಇನ್‌ವಾಯ್ಸ್ ನಂಬರಿನಿಂದಲೂ ಹುಡುಕುವ ಸಿಸ್ಟಮ್ ಬೇಕು. ಒಂದು ಇನ್‌ವಾಯ್ಸಿನ ಮಾಲು ಎರಡು ಸಲ ಹುಬ್ಬಳ್ಳಿಗೆ ಹೋಗಲ್ಲ.

ಎರಡನೆಯದು ಡೀಸೆಲ್. ಕರಾರಿನಲ್ಲಿ ಒಂದು ಮೂಲ ಬೆಲೆ ಇರುತ್ತೆ, ಅದಕ್ಕಿಂತ ಏರಿದರೆ ಬಾಡಿಗೆ ಇಷ್ಟು ಏರಬೇಕು, ಇಳಿದರೆ ಇಷ್ಟು ಇಳಿಯಬೇಕು ಅಂತ. ಬಿಲ್ಲು ಬರುವುದು ಹದಿನೈದು ದಿನ, ತಿಂಗಳು ತಡವಾಗಿ. ಲೆಕ್ಕ ಎಲ್.ಆರ್. ತಾರೀಖಿನ ರೇಟಿಗೆ ಆಗಬೇಕು, ಬಿಲ್ ತಾರೀಖಿನ ರೇಟಿಗೆ ಅಲ್ಲ. ಅಂದರೆ ಸಿಸ್ಟಮ್ ಹಳೇ ರೇಟುಗಳನ್ನು ತಾರೀಖಿನ ಸಮೇತ ಇಟ್ಟುಕೊಂಡಿರಬೇಕು. ಹೊಸ ರೇಟು ಹಾಕಿದ ಕೂಡಲೇ ಹಳೇದು ಅಳಿಸಿಹೋಗುವ ಸಾಫ್ಟ್‌ವೇರ್ ಇನ್ನೂ ಮಾರುತ್ತಿದ್ದಾರೆ. ನಾನೇ ನೋಡಿದ್ದೀನಿ.

ಮೂರನೆಯದು ಜಿ.ಎಸ್.ಟಿ. ಎಲ್.ಆರ್. ಕೊಡುವ ಲಾರಿ ಟ್ರಾನ್ಸ್‌ಪೋರ್ಟರ್ ಬಾಡಿಗೆಗೆ ಸಾಮಾನ್ಯವಾಗಿ 5%, ರಿವರ್ಸ್ ಚಾರ್ಜ್‌ನಲ್ಲಿ. ಅಂದರೆ ಅವರ ಬಿಲ್ಲಿನಲ್ಲಿ ತೆರಿಗೆ ಇರಲ್ಲ, ನಮ್ಮ ಕಂಪನಿಯೇ ಕಟ್ಟುತ್ತೆ. ಕೆಲವರು ತಾವೇ ಕಟ್ಟುತ್ತೇವೆ ಅಂತ ಆರಿಸಿಕೊಂಡಿರುತ್ತಾರೆ. ಅವರಲ್ಲಿ ಇನ್‌ಪುಟ್ ಕ್ರೆಡಿಟ್ ತಗೊಳ್ಳುವವರ ದರ ಮೊದಲು 12% ಇತ್ತು, 2025ರ ಸೆಪ್ಟೆಂಬರ್ 22ರಿಂದ 18% ಆಯಿತು. ಒಬ್ಬೊಬ್ಬ ಟ್ರಾನ್ಸ್‌ಪೋರ್ಟರ್ ಯಾವ ದಾರಿಯಲ್ಲಿದ್ದಾರೆ ಅಂತ ಮಾಸ್ಟರಿನಲ್ಲಿ ಇಲ್ಲದಿದ್ದರೆ ಒಂದೇ ಬಾಡಿಗೆಗೆ ಅವರಿಗೂ ತೆರಿಗೆ ಕೊಟ್ಟು, ರಿವರ್ಸ್ ಚಾರ್ಜ್ ಅಂತ ನೀವೂ ಕಟ್ಟಿಬಿಡುತ್ತೀರಿ.

ಪೂರ್ತಿ ಲಾರಿಯವರಿಗೆ ಇನ್ನೊಂದಿದೆ, ಗಾಡಿ ನಿಲ್ಲಿಸಿಕೊಂಡದ್ದಕ್ಕೆ ಕೇಳುವ ಹಾಲ್ಟಿಂಗ್ ದುಡ್ಡು. ಮಳೆಗಾಲದಲ್ಲಿ ಗೋವಾ ಕಡೆ ಘಾಟಿನಲ್ಲಿ ನಿಂತ ದಿನವನ್ನೂ ಗ್ರಾಹಕರ ಗೇಟಿನಲ್ಲಿ ನಿಂತದ್ದು ಅಂತ ಸೇರಿಸಿ ಕಳಿಸುವವರಿದ್ದಾರೆ. ಗೇಟ್ ಎಂಟ್ರಿ ಸಮಯ ಪಿ.ಓ.ಡಿ. ಮೇಲೆ, ಅಂದರೆ ಮಾಲು ಮುಟ್ಟಿದ ರುಜುವಿನ ಮೇಲೆ ಬರೆಸಿಕೊಳ್ಳಿ. ಕೆಲವು ಟಿ.ಎಂ.ಎಸ್.ಗಳು ಸರ್ಕಾರದ ಯೂಲಿಪ್ ಅನ್ನುವ ಸಾಗಣೆ ಮಾಹಿತಿಯ ಜಾಲದ ಮೂಲಕ ಗಾಡಿ ಯಾವ ಟೋಲ್ ಯಾವಾಗ ದಾಟಿತು ಅಂತ ಫಾಸ್ಟ್ಯಾಗ್ ಮಾಹಿತಿ ತರಿಸಿಕೊಳ್ಳುತ್ತವೆ. ಇಂಥ ಜಗಳಕ್ಕೆ ಅದು ಒಳ್ಳೆ ಸಾಕ್ಷಿ.

ನಾಲ್ಕು ದಾರಿ, ಯಾವುದು ಯಾರಿಗೆ

ಎಕ್ಸೆಲ್. ನಗಬೇಡಿ. ನಾಲ್ಕೈದು ಟ್ರಾನ್ಸ್‌ಪೋರ್ಟರ್, ತಿಂಗಳಿಗೆ ಇನ್ನೂರು ಮುನ್ನೂರು ಎಲ್.ಆರ್. ಇರುವವರಿಗೆ ಇದು ಸಾಕು ಅನ್ನೋದು ನನ್ನ ಅಭಿಪ್ರಾಯ. ತೂಕದ ಲೆಕ್ಕ ಮೇಲಿನ ಸೂತ್ರದಲ್ಲಿ ಆಗುತ್ತೆ. ಕಷ್ಟ ಬರುವುದು ತಾರೀಖಿನ ಪ್ರಕಾರ ರೇಟು ಇಡುವುದರಲ್ಲಿ, ಮತ್ತೆ ಆ ಶೀಟು ಮಾಡಿದ ಹುಡುಗ ಕೆಲಸ ಬಿಟ್ಟು ಊರಿಗೆ ಹೋದಾಗ.

ಇರುವ ಇ.ಆರ್.ಪಿ.ಯ ಬಾಡಿಗೆ ಭಾಗ. ಇನ್‌ವಾಯ್ಸ್, ಐಟಂ ಮಾಸ್ಟರ್, ಪೇಮೆಂಟ್ ಎಲ್ಲ ಒಂದೇ ಕಡೆ ಇರುವುದರಿಂದ ಆಡಿಟ್‌ಗೆ ಇದು ಒಳ್ಳೆ ಜಾಗ. ಆದರೆ ಬಹಳ ಕಡೆ ಇದನ್ನು ಹಾಕಿಕೊಡುವವರು ಪ್ರತಿ ಕೆ.ಜಿ. ರೇಟು, ಪ್ರತಿ ಟ್ರಿಪ್ ರೇಟು ಇಷ್ಟಕ್ಕೇ ನಿಲ್ಲಿಸುತ್ತಾರೆ. ನಮ್ಮಲ್ಲಿ ಆದದ್ದೂ ಅದೇ. ಸಾಫ್ಟ್‌ವೇರ್‌ನಲ್ಲಿ ಸಾಧ್ಯ ಇತ್ತು, ಹಾಕಿಸಿಕೊಂಡಿರಲಿಲ್ಲ. ಹೊಸದು ಕೊಳ್ಳುವ ಮೊದಲು ಇದನ್ನು ಕೇಳಿ. ಭಾರವಾದ ಮಾಲು, ಹೆಚ್ಚಾಗಿ ಪೂರ್ತಿ ಲಾರಿ ಕಳಿಸೋರಿಗೆ ಇಷ್ಟೇ ಸಾಕಾಗಬಹುದು.

ಬೇರೆ ಟಿ.ಎಂ.ಎಸ್., ತಿಂಗಳ ಬಾಡಿಗೆಗೆ ಕ್ಲೌಡ್‌ನಲ್ಲಿ ಸಿಗುವಂಥದ್ದು. ರೇಟು ಹೋಲಿಕೆ, ಬಿಡ್ಡಿಂಗ್, ಟ್ರಾನ್ಸ್‌ಪೋರ್ಟರ್ ಕಡೆಯವರೇ ಬಿಲ್ ಅಪ್‌ಲೋಡ್ ಮಾಡುವುದು, ಇವೆಲ್ಲ ಇಲ್ಲಿ ಚೆನ್ನಾಗಿರುತ್ತೆ. ದುರ್ಬಲ ಕೊಂಡಿ ಅಂದರೆ ನಿಮ್ಮ ಇ.ಆರ್.ಪಿ.ಯಿಂದ ಡಬ್ಬದ ಅಳತೆ ಅಲ್ಲಿಗೆ ಹೋಗುವ ದಾರಿ. ಅದು ದಿನಾ ತಾನಾಗಿ ಹೋಗಬೇಕು. ತಿಂಗಳಿಗೊಮ್ಮೆ ಯಾರೋ ಫೈಲ್ ಹಾಕುತ್ತಾರೆ ಅಂದರೆ ಮೂರನೇ ತಿಂಗಳಿಗೆ ನಿಲ್ಲುತ್ತೆ. ಹಗುರ ಮಾಲು, ಹತ್ತಕ್ಕಿಂತ ಜಾಸ್ತಿ ಟ್ರಾನ್ಸ್‌ಪೋರ್ಟರ್, ಸಾವಿರದ ಮೇಲೆ ಎಲ್.ಆರ್. ಇರುವವರು ಈ ದಾರಿ ನೋಡಬೇಕು.

ಹೊರಗಿನವರಿಗೆ ಆಡಿಟ್ ಕೊಡುವುದು ನಾಲ್ಕನೆಯದು. ಕೆಲವರು ಎಲ್.ಆರ್.ಗೆ ಇಷ್ಟು ಅಂತ ತಗೊಳ್ಳುತ್ತಾರೆ, ಕೆಲವರು ವಾಪಸ್ ತಂದದ್ದರಲ್ಲಿ ಪಾಲು. ಪಾಲು ತಗೊಳ್ಳುವವರಿಗೆ ದೊಡ್ಡ ತಪ್ಪು ಹುಡುಕುವ ಹುರುಪು ಜಾಸ್ತಿ. ಆದರೆ ತಪ್ಪು ಮತ್ತೆ ಬರದಂತೆ ಮಾಡುವ ಆಸೆ ಅವರಿಗೆ ಯಾಕಿರಬೇಕು ಹೇಳಿ. ಒಂದು ಸಲ ಹಿಂದಿನ ವರ್ಷದ ಬಿಲ್ಲುಗಳನ್ನು ಜಾಲಾಡಿಸೋಕೆ ಇವರು ಸರಿ. ಕಾಯಂ ಬೇಡ ಅನ್ನೋದು ನನ್ನ ಮಾತು.

ದುಡ್ಡು ಕೊಡುವ ಮುಂಚೆ

ಮೊದಲು ಕಳೆದ ಮೂರು ತಿಂಗಳಿನಿಂದ ನೂರು ಎಲ್.ಆರ್. ತೆಗೆಯಿರಿ. ಆರಿಸಬೇಡಿ, ಪ್ರತಿ ಹತ್ತನೆಯದೋ ಇಪ್ಪತ್ತನೆಯದೋ ಎತ್ತಿಕೊಳ್ಳಿ. ಇಬ್ಬರು ಕೂತರೆ ಎರಡು ದಿನದ ಕೆಲಸ. ಎಷ್ಟು ಸೋರುತ್ತಿದೆ ಅಂತ ನಿಮ್ಮದೇ ಸಂಖ್ಯೆ ಸಿಗುತ್ತೆ. ಉದಾಹರಣೆಗೆ ತಿಂಗಳ ಬಾಡಿಗೆ ₹40 ಲಕ್ಷ, ಸೋರಿಕೆ ಶೇಕಡಾ 2 ಅಂತ ಬಂದರೆ ಅದು ತಿಂಗಳಿಗೆ ₹80,000. ಸಾಫ್ಟ್‌ವೇರ್ ಬೆಲೆಯನ್ನು ಇದರ ಪಕ್ಕ ಇಟ್ಟು ನೋಡಿ. ಮಾರುವವರು ತಮ್ಮ ಸ್ಲೈಡಿನಲ್ಲಿ ತೋರಿಸುವ ಉಳಿತಾಯದ ಪಕ್ಕ ಅಲ್ಲ.

ಆಮೇಲೆ ಆ ನೂರರಲ್ಲಿ ಹತ್ತು ಬಿಲ್ಲುಗಳನ್ನು ಡೆಮೊಗೆ ಕೊಡಿ. ನಾಲ್ಕರಲ್ಲಿ ನೀವೇ ತಪ್ಪು ಬಿತ್ತಿ. ಒಂದರಲ್ಲಿ ಸಿ.ಎಫ್.ಟಿ. 8ರ ಬದಲು 10ರ ತೂಕ. ಒಂದರಲ್ಲಿ `A` ಸೇರಿಸಿದ ಹಳೇ ಎಲ್.ಆರ್. ಒಂದರಲ್ಲಿ ಬಿಲ್ ತಾರೀಖಿನ ಡೀಸೆಲ್. ಒಂದರಲ್ಲಿ ರಿವರ್ಸ್ ಚಾರ್ಜ್ ಟ್ರಾನ್ಸ್‌ಪೋರ್ಟರ್ ತೆರಿಗೆ ಹಾಕಿದ ಬಿಲ್ಲು. ಯಾವುದರಲ್ಲಿ ಏನು ಅಂತ ಹೇಳಬೇಡಿ. ನಾವು ಎರಡನೇ ಸುತ್ತಿನಲ್ಲಿ ಇದನ್ನು ಮಾಡಿದೆವು. ಒಬ್ಬರ ಸಿಸ್ಟಮ್ ನಾಲ್ಕೂ ಹಿಡಿಯಿತು. ಇನ್ನೊಬ್ಬರದು ಎರಡು. ಮೂರನೆಯವರು "ನಮ್ಮ ಟೀಮು ಕಾನ್ಫಿಗರ್ ಮಾಡಬೇಕು ಸರ್, ಎರಡು ವಾರ ಕೊಡಿ" ಅಂದರು. ಕೊಟ್ಟೆವು. ಅವರು ಮತ್ತೆ ಬರಲಿಲ್ಲ.

ನಾಲ್ಕೂ ಹಿಡಿದವರನ್ನೇ ತಗೊಂಡೆವು. ಅವರ ಮ್ಯಾಪು ಅಷ್ಟೇನೂ ಚೆಂದ ಇಲ್ಲ, ಮೊಬೈಲ್ ಆ್ಯಪು ಸ್ವಲ್ಪ ನಿಧಾನ. ಇರಲಿ. ಕರಾರುಗಳನ್ನೂ ಹೊಸದಾಗಿ ಬರೆಸಿದೆವು: ಸಿ.ಎಫ್.ಟಿ. ಎಷ್ಟು, ಭಾಗಿಸುವ ಸಂಖ್ಯೆ ಎಷ್ಟು, ಡಬ್ಬದ ಅಳತೆಗೆ ಯಾರ ಟೇಪು, ತಪ್ಪು ಸಿಕ್ಕರೆ ಎಷ್ಟು ದಿನದೊಳಗೆ ಕ್ರೆಡಿಟ್ ನೋಟ್. ಆ ಹಳೇ ಟ್ರಾನ್ಸ್‌ಪೋರ್ಟರ್ ಇನ್ನೂ ನಮ್ಮ ಜೊತೆಗೇ ಇದ್ದಾರೆ, ಜಾಸ್ತಿ ತಗೊಂಡದ್ದನ್ನು ಮೂರು ಕಂತಿನಲ್ಲಿ ವಾಪಸ್ ಕೊಟ್ಟರು. ಇಂಡಿಯ ಹುಡುಗ ಈಗ ಪ್ರತಿ ಶನಿವಾರ ಮಧ್ಯಾಹ್ನ ಐದು ಡಬ್ಬ ಆರಿಸಿ ಅಳೆಯುತ್ತಾನೆ. ಉಬ್ಬಿದ ಅಳತೆಯನ್ನೇ ಮಾಸ್ಟರಿಗೆ ಹಾಕುತ್ತಾನೆ, ಡ್ರಾಯಿಂಗಿನದ್ದಲ್ಲ.